ಹಸಿರು ಪ್ರೋಟೀನಿನ ಮೂವತ್ತು ವರ್ಷ

ಒಸಾಮು ಶಿಮೊಮುರ, ಫ್ರಾಂಕ್ ಜಾನ್ಸನ್ ಮತ್ತು ಯೊ ಸೈಗಾ ಸೇರಿ 1962ರಲ್ಲಿ ಪ್ರಕಟಿಸಿದ ಪ್ರಬಂಧದ ವಿಷಯ ಏಕ್ವೊರಿನ್ ಎಂಬ ಪ್ರೋಟೀನು. ಅಂಬಲಿ ಮೀನಿನ ಮೈಯಿಂದ ತೆಗೆದ, ನೀಲಿ ಬೆಳಕು ಸೂಸುವ ಪ್ರೋಟೀನು ಅದು. ಅದನ್ನು ಶುದ್ಧೀಕರಿಸುವಾಗ ಜೊತೆಯಲ್ಲೇ ಇನ್ನೊಂದು ಪ್ರೋಟೀನೂ ಬಂದಿತ್ತು. ಬಿಸಿಲಿನಲ್ಲಿ ತುಸು ಹಸಿರಾಗಿ, ವಿದ್ಯುದ್ದೀಪದ ಕೆಳಗೆ ಹಳದಿಯಾಗಿ, ಅತಿನೇರಳೆ ದೀಪ ಹಿಡಿದರೆ ಕಣ್ಣು ಕುಕ್ಕುವಷ್ಟು ಹಸಿರಾಗಿ ಕಾಣುತ್ತಿತ್ತು. ಅದರ ಬಗ್ಗೆ ಪ್ರಬಂಧದ ಒಂದು ಅಡಿಟಿಪ್ಪಣಿಯಲ್ಲಿ ನಾಲ್ಕು ಮಾತು ಬರೆದು ಅವರು ಮುಂದೆ ಸಾಗಿದರು. ಜೀವಕೋಶದೊಳಗೆ ಯಾವ ಪ್ರೋಟೀನು ಎಲ್ಲಿ ಹುಟ್ಟುತ್ತದೆ, ಎಲ್ಲಿಗೆ ಹೋಗುತ್ತದೆ, ಯಾರ ಪಕ್ಕ ನಿಲ್ಲುತ್ತದೆ ಎಂದು ಕೋಶ ಬದುಕಿರುವಾಗಲೇ ನೋಡುವ ದಾರಿ ಆ ಅಡಿಟಿಪ್ಪಣಿಯಲ್ಲಿತ್ತು. ಅದು ತೆರೆದುಕೊಳ್ಳಲು ಮೂವತ್ತು ವರ್ಷ ಹಿಡಿಯಿತು. ಯಾಕೆ ಹಿಡಿಯಿತು ಎಂಬುದೇ ಈ ಕತೆಯ ತಿರುಳು ಎಂದು ನನಗನ್ನಿಸುತ್ತದೆ.

ಶಿಮೊಮುರ ಜಪಾನಿನವರು. 1945ರ ಆಗಸ್ಟ್ 9ರಂದು, ಹದಿನಾರರ ಹುಡುಗನಾಗಿದ್ದಾಗ, ನಾಗಸಾಕಿಗೆ ಹತ್ತಾರು ಕಿಲೋಮೀಟರ್ ದೂರದ ಇಸಹಾಯ ಎಂಬಲ್ಲಿ ಕಾರ್ಖಾನೆಯ ಕೆಲಸಕ್ಕೆ ಕೂತಿದ್ದರು. ಬಾಂಬಿನ ಮಿಂಚಿಗೆ ಅರ್ಧ ನಿಮಿಷ ಕಣ್ಣು ಕಾಣಲಿಲ್ಲ. ಮನೆಗೆ ನಡೆದು ಬರುವಾಗ ಕಪ್ಪು ಮಳೆ ಬಿಳಿ ಅಂಗಿಯನ್ನು ತೋಯಿಸಿತು. ಅಜ್ಜಿ ತಕ್ಷಣ ಸ್ನಾನ ಮಾಡಿಸಿದರು. ಅದರಿಂದಲೇ ತಾನು ಉಳಿದಿರಬಹುದು ಎಂದು ಅವರು ಮುಂದೆ ನೆನೆಯುತ್ತಿದ್ದರು. ಯುದ್ಧ ಮುಗಿದ ಮೇಲೆ ಔಷಧಶಾಸ್ತ್ರ ಓದಿದರು. ನಗೋಯ ವಿಶ್ವವಿದ್ಯಾಲಯದಲ್ಲಿ ಹಿರಾತ ಅವರ ಬಳಿ, ಸಮುದ್ರದ ಮಿಂಚುಹುಳ ಎನ್ನಿಸಿಕೊಳ್ಳುವ ಪುಟ್ಟ ಚಿಪ್ಪುಜೀವಿ ಸಿಪ್ರಿಡಿನಾದ ಬೆಳಕಿನ ವಸ್ತುವನ್ನು ಹರಳುಗಟ್ಟಿಸಿದರು. ಆ ಕೆಲಸ ನೋಡಿ ಪ್ರಿನ್ಸ್‌ಟನ್ನಿನ ಜಾನ್ಸನ್ 1960ರಲ್ಲಿ ಅವರನ್ನು ಅಮೆರಿಕಕ್ಕೆ ಕರೆಸಿಕೊಂಡರು.

1961ರ ಬೇಸಿಗೆಯಲ್ಲಿ ಅವರೆಲ್ಲ ಕಾರಿನಲ್ಲಿ ಉಪಕರಣ ತುಂಬಿಕೊಂಡು ಅಮೆರಿಕದ ಪೂರ್ವ ತೀರದಿಂದ ಪಶ್ಚಿಮ ತೀರಕ್ಕೆ ಹೊರಟರು. ಶಿಮೊಮುರಗೆ ಕಾರು ಓಡಿಸಲು ಬರುತ್ತಿರಲಿಲ್ಲ. ದಾರಿಯುದ್ದಕ್ಕೂ ಜಾನ್ಸನ್ನರೇ ಓಡಿಸಿದರು. ಸೇರಿದ್ದು ವಾಷಿಂಗ್ಟನ್ ರಾಜ್ಯದ ದ್ವೀಪವೊಂದರಲ್ಲಿರುವ ಫ್ರೈಡೇ ಹಾರ್ಬರ್ ಪ್ರಯೋಗಶಾಲೆಯನ್ನು. ಅಲ್ಲಿನ ನೀರಿನಲ್ಲಿ ಏಕ್ವೊರಿಯ ವಿಕ್ಟೋರಿಯ ಎಂಬ ಅಂಗೈಯಗಲದ ಅಂಬಲಿ ಮೀನು ಅಲೆಯ ಜೊತೆ ರಾಶಿರಾಶಿಯಾಗಿ ತೇಲಿ ಬರುತ್ತಿತ್ತು. ದಕ್ಕೆಯ ಮೇಲೆ ನಿಂತು ಉದ್ದ ಹಿಡಿಯ ಬಲೆಯಲ್ಲಿ ಎತ್ತಿಕೊಳ್ಳಬೇಕು. ಬೆಳಕಿನ ಅಂಗಗಳು ಅದರ ಕೊಡೆಯ ಅಂಚಿನಲ್ಲಿ ಮಾತ್ರ ಇರುತ್ತವೆ. ಆದ್ದರಿಂದ ಒಂದೊಂದನ್ನೂ ಕತ್ತರಿಯಿಂದ ಕತ್ತರಿಸಿ, ಅಂಚಿನ ತೆಳ್ಳಗಿನ ಉಂಗುರವನ್ನಷ್ಟೇ ಉಳಿಸಿಕೊಂಡು, ಇಪ್ಪತ್ತು ಮೂವತ್ತು ಉಂಗುರಗಳನ್ನು ಒಟ್ಟಿಗೆ ರೇಯಾನ್ ಬಟ್ಟೆಯಲ್ಲಿ ಹಾಕಿ ಹಿಂಡಬೇಕು. ಹಿಂಡಿದ ರಸ ಕತ್ತಲಲ್ಲಿ ಮಿನುಗುತ್ತದೆ, ಆಮೇಲೆ ಆರಿಹೋಗುತ್ತದೆ.

ಆರುವ ಮೊದಲು ಆ ವಸ್ತುವನ್ನು ಬೇರ್ಪಡಿಸುವುದು ಹೇಗೆ? ಆಗಿನ ನಂಬಿಕೆಯ ಪ್ರಕಾರ ಜೀವಿಗಳ ಬೆಳಕಿಗೆ ಎರಡು ವಸ್ತು ಬೇಕು, ಉರಿಯುವ ಲೂಸಿಫೆರಿನ್ ಮತ್ತು ಅದನ್ನು ಉರಿಸುವ ಕಿಣ್ವ ಲೂಸಿಫೆರೇಸ್. ಇವರು ಆ ಜೋಡಿಗಾಗಿ ಹುಡುಕಿ ಸೋತರು. ಶಿಮೊಮುರಗೆ ಆ ನಂಬಿಕೆಯ ಮೇಲೆಯೇ ಅನುಮಾನ ಬಂತು. ಒಂದು ದೋಣಿ ತೆಗೆದುಕೊಂಡು ನೀರಿನ ನಡುವೆ ಹೋಗಿ ಒಬ್ಬರೇ ಯೋಚಿಸುತ್ತ ಕೂರುತ್ತಿದ್ದರು. ಬೆಳಕಿಗೆ ಕಾರಣವಾದದ್ದು ಯಾವುದೇ ಇರಲಿ, ಅದರಲ್ಲಿ ಪ್ರೋಟೀನು ಇದ್ದೇ ಇರುತ್ತದೆ. ಪ್ರೋಟೀನಿಗೆ ಆಮ್ಲ ಆಗದು. ಹಾಗಾದರೆ ಆಮ್ಲ ಸೇರಿಸಿ ಬೆಳಕನ್ನು ತಾತ್ಕಾಲಿಕವಾಗಿ ತಡೆದು, ಶುದ್ಧೀಕರಿಸಿದ ಮೇಲೆ ಆಮ್ಲ ಕಳೆದರೆ ಬೆಳಕು ಮರಳಬೇಕು, ಎಂದು ಹೊಳೆದದ್ದು ಆ ದೋಣಿಯಲ್ಲಿ. ದಡಕ್ಕೆ ಬಂದು ಪರೀಕ್ಷಿಸಿದರು. ಆಮ್ಲೀಯತೆಯ ಅಳತೆ 4ಕ್ಕೆ ಇಳಿದಾಗ ಬೆಳಕು ನಿಂತಿತು. ಸೋಸಿ, ಸೋಡಾ ಹಾಕಿ ಮತ್ತೆ ತಟಸ್ಥಗೊಳಿಸಿದಾಗ ಮಂದವಾಗಿ ಮರಳಿತು. ಉಳಿದ ರಸವನ್ನು ತೊಟ್ಟಿಗೆ ಚೆಲ್ಲಿದರು. ತೊಟ್ಟಿಯ ಒಳಗಿಂದ ನೀಲಿ ಬೆಳಕು ಝಗ್ಗನೆ ಹೊಮ್ಮಿತು.

ಆ ತೊಟ್ಟಿಗೆ ಮೀನುಸಾಕಣೆಯ ಗಾಜುಪೆಟ್ಟಿಗೆಯಿಂದ ತುಂಬಿ ಹರಿದ ಸಮುದ್ರದ ನೀರು ಬಂದು ಬೀಳುತ್ತಿತ್ತು. ಸಮುದ್ರದ ನೀರಿನಲ್ಲಿರುವ ಏನೋ ಒಂದು ಈ ಪ್ರೋಟೀನನ್ನು ಬೆಳಗಿಸಿದೆ ಎಂದಾಯಿತು. ಹುಡುಕಿದರೆ ಅದು ಕ್ಯಾಲ್ಸಿಯಂ. ಕ್ಯಾಲ್ಸಿಯಮ್ಮನ್ನು ಹಿಡಿದಿಡುವ ಇಡಿಟಿಎ ಸೇರಿಸಿದರೆ ರಸ ಆರದೆ ಉಳಿಯುತ್ತದೆ, ನಿಧಾನವಾಗಿ ಶುದ್ಧೀಕರಿಸಬಹುದು. ಸುಮಾರು ಹತ್ತು ಸಾವಿರ ಅಂಬಲಿ ಮೀನುಗಳಿಂದ ಕೊನೆಗೆ ಕೈಗೆ ಬಂದ ಏಕ್ವೊರಿನ್ ಐದು ಮಿಲಿಗ್ರಾಂ. ಆ ಶುದ್ಧೀಕರಣದ ಪಕ್ಕದಲ್ಲೇ ಸಿಕ್ಕಿದ್ದು ಹಸಿರು ಪ್ರೋಟೀನು.

ಒಂದು ಮಾತು ಮಾತ್ರ ಹೊಂದಿಕೆಯಾಗುತ್ತಿರಲಿಲ್ಲ. ಏಕ್ವೊರಿನ್ ಕೊಡುವ ಬೆಳಕು ನೀಲಿ, ಸುಮಾರು 470 ನ್ಯಾನೊಮೀಟರ್. ಬದುಕಿರುವ ಅಂಬಲಿ ಮೀನನ್ನು ಕೆಣಕಿದರೆ ಬರುವುದು ಹಸಿರು, 508ರ ಆಸುಪಾಸು. ನೀಲಿ ಎಲ್ಲಿ ಹೋಯಿತು? ಉತ್ತರ 1970ರ ದಶಕದ ಮೊದಲ ವರ್ಷಗಳಲ್ಲಿ ಬಂತು. ಹಾರ್ವರ್ಡಿನ ಹೇಸ್ಟಿಂಗ್ಸ್ ಮತ್ತು ಮೋರಿನ್ ಈ ಪ್ರೋಟೀನಿಗೆ ಹಸಿರು ಪ್ರತಿದೀಪ್ತಿ ಪ್ರೋಟೀನ್ ಎಂಬ ಹೆಸರು ಕೊಟ್ಟರು. ಏಕ್ವೊರಿನ್ನಿನ ಶಕ್ತಿ ಹಸಿರು ಪ್ರೋಟೀನಿಗೆ ದಾಟುತ್ತದೆ ಎಂಬ ವಿವರಣೆಯನ್ನು 1974ರಲ್ಲಿ ಮೊರಿಸೆ, ಶಿಮೊಮುರ ಮತ್ತು ಜೊತೆಗಾರರು ಶುದ್ಧ ಪ್ರೋಟೀನುಗಳಿಂದಲೇ ತೋರಿಸಿದರು. ಪ್ರಚೋದಿತವಾದ ಒಂದು ಅಣು ತನ್ನ ಶಕ್ತಿಯನ್ನು ಬೆಳಕಾಗಿ ಬಿಡದೆ, ತೀರ ಹತ್ತಿರದಲ್ಲಿರುವ ಇನ್ನೊಂದು ಅಣುವಿಗೆ ನೇರವಾಗಿ ಒಪ್ಪಿಸುವ ಈ ಕ್ರಿಯೆಯ ಲೆಕ್ಕವನ್ನು ಜರ್ಮನಿಯ ಫೋರ್‌ಸ್ಟರ್ 1940ರ ದಶಕದಲ್ಲಿ ಬರೆದಿಟ್ಟಿದ್ದರು. ಒಂದೇ ಶ್ರುತಿಗೆ ಕೂಡಿಸಿದ ಎರಡು ತಂಬೂರಿಗಳನ್ನು ಪಕ್ಕಪಕ್ಕ ಇಟ್ಟು ಒಂದನ್ನು ಮೀಟಿದರೆ ಇನ್ನೊಂದರ ತಂತಿಯೂ ಮಿಡಿಯುತ್ತದಲ್ಲ, ಬಹುಮಟ್ಟಿಗೆ ಹಾಗೆ. ದಾನಿಯ ಬೆಳಕಿನ ಬಣ್ಣವೂ ಗ್ರಾಹಿ ಹೀರುವ ಬಣ್ಣವೂ ಕೂಡಿಬರಬೇಕು, ಎರಡೂ ಕೆಲವೇ ನ್ಯಾನೊಮೀಟರ್ ಅಂತರದಲ್ಲಿರಬೇಕು. ಮುಂದೆ ವಿಜ್ಞಾನಿಗಳು ಪ್ರಯೋಗಶಾಲೆಯಲ್ಲಿ ಕಟ್ಟಿದ ಉಪಾಯ ಅಂಬಲಿ ಮೀನಿನ ಮೈಯಲ್ಲಿ ಮೊದಲೇ ಇತ್ತು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಸಾಮಾನ್ಯವಾಗಿ ಬಣ್ಣದ ಪ್ರೋಟೀನು ಎಂದರೆ ಹೊರಗಿನ ಯಾವುದೋ ಬಣ್ಣದ ಅಣುವನ್ನು ತನ್ನೊಳಗೆ ಹಿಡಿದುಕೊಂಡ ಪ್ರೋಟೀನು. ರಕ್ತದ ಕೆಂಪು ಹಾಗೆ, ಅದರ ಬಣ್ಣ ಹೀಮ್ ಎಂಬ ಅಣುವಿನದು. ಹಸಿರು ಪ್ರೋಟೀನಿನ ಬಣ್ಣದ ಅಣು ಯಾವುದು ಎಂದು ಶಿಮೊಮುರ 1979ರಲ್ಲಿ ಕಂಡುಹಿಡಿದರು. ಅಷ್ಟು ಹೊತ್ತಿಗೆ ವರ್ಷವರ್ಷವೂ ಬೇಸಿಗೆಯಲ್ಲಿ ಹೆಂಡತಿ ಮಕ್ಕಳನ್ನೂ ಕರೆದುಕೊಂಡು ಅಂಬಲಿ ಮೀನು ಹಿಡಿದು, ಪರೀಕ್ಷೆಗೆ ಸಾಕಾಗುವಷ್ಟು ಪ್ರೋಟೀನು ಕೂಡಿಟ್ಟಿದ್ದರು. ಅದನ್ನು ಪಪಾಯಿ ಕಾಯಿಯ ಕಿಣ್ವದಿಂದ ತುಂಡು ಮಾಡಿ, ಬಣ್ಣವಿದ್ದ ತುಣುಕನ್ನು ಮಾತ್ರ ಬೇರ್ಪಡಿಸಿ ನೋಡಿದಾಗ, ಅದು ಬೆಳಕು ಹೀರುವ ರೀತಿ ಪರಿಚಿತವೆನ್ನಿಸಿತು. ಎರಡು ದಶಕದ ಹಿಂದೆ ಸಿಪ್ರಿಡಿನಾದ ಕೆಲಸದಲ್ಲಿ ಅವರೇ ತಯಾರಿಸಿದ್ದ ಒಂದು ಸಂಯುಕ್ತವನ್ನು ಅದು ಹೋಲುತ್ತಿತ್ತು. ಆ ಹೋಲಿಕೆ ಹಿಡಿದು ಅದರ ರಚನೆಯನ್ನು ಊಹಿಸಿದರು. ಆಶ್ಚರ್ಯವೆಂದರೆ ಆ ಬಣ್ಣದ ತುಣುಕು ಪ್ರೋಟೀನಿನ ಸ್ವಂತ ಸರಪಳಿಯದೇ ಭಾಗವಾಗಿತ್ತು.

ಇಲ್ಲಿಂದ ಎಲ್ಲರೂ ಒಂದು ತೀರ್ಮಾನಕ್ಕೆ ಬಂದರು: ಸರಪಳಿಯ ಭಾಗವನ್ನು ಬಾಗಿಸಿ ಬಣ್ಣದ ಉಂಗುರವನ್ನಾಗಿಸಲು ಅಂಬಲಿ ಮೀನಿನಲ್ಲಿ ವಿಶೇಷ ಕಿಣ್ವಗಳು ಇರಲೇಬೇಕು. ಅದು ಅವಿವೇಕದ ತೀರ್ಮಾನವಲ್ಲ, ರಸಾಯನಶಾಸ್ತ್ರ ಬಲ್ಲ ಯಾರಾದರೂ ಹಾಗೇ ಹೇಳುತ್ತಿದ್ದರು. ಆದರೆ ಅದರಿಂದ ಆದ ಪರಿಣಾಮ ದೊಡ್ಡದು. ಕಿಣ್ವಗಳು ಬೇಕಾದರೆ ಈ ಪ್ರೋಟೀನಿನ ಜೀನನ್ನು ಬೇರೆ ಜೀವಿಯೊಳಗೆ ಹಾಕಿದರೂ ಅದು ಬೆಳಗದು. ಹಾಗಿದ್ದ ಮೇಲೆ ಜೀನನ್ನು ಹುಡುಕುವುದಾದರೂ ಯಾಕೆ?

ಹುಡುಕಿದವರು ಡಗ್ಲಸ್ ಪ್ರಾಷರ್, ವುಡ್ಸ್ ಹೋಲ್ ಸಾಗರ ಸಂಸ್ಥೆಯಲ್ಲಿ. ಏಕ್ವೊರಿನ್ನಿನ ಜೀನನ್ನು ಮೊದಲೇ ಬೇರ್ಪಡಿಸಿದ್ದ ಅವರ ಮನಸ್ಸಿನಲ್ಲಿದ್ದ ಕನಸು ಇದು: ಯಾವುದಾದರೂ ಪ್ರೋಟೀನಿನ ಜೀನಿಗೆ ಈ ಹಸಿರು ಜೀನನ್ನು ಬೆಸೆದರೆ, ಹುಟ್ಟುವ ಜೋಡಿ ಪ್ರೋಟೀನು ಹೋದಲ್ಲೆಲ್ಲ ಹಸಿರು ಕಾಣಿಸುತ್ತದೆ. ಅಮೆರಿಕನ್ ಕ್ಯಾನ್ಸರ್ ಸೊಸೈಟಿ ಅವರಿಗೆ ಎರಡು ವರ್ಷಕ್ಕೆ ಎರಡು ಲಕ್ಷ ಡಾಲರ್ ಕೊಟ್ಟಿತು. 238 ಅಮೈನೊ ಆಮ್ಲಗಳ ಪೂರ್ತಿ ಜೀನು ಸಿಕ್ಕಿ, 1992ರಲ್ಲಿ ಪ್ರಕಟವೂ ಆಯಿತು. ಅಷ್ಟರಲ್ಲಿ ಹಣ ಮುಗಿದಿತ್ತು, ಬೇರೆಡೆ ಕೇಳಿದ ಅನುದಾನ ಸಿಗಲಿಲ್ಲ. ಅವರು ಈ ಕ್ಷೇತ್ರವನ್ನೇ ಬಿಟ್ಟರು. ಬಿಡುವ ಮೊದಲು, ಕೇಳಿದವರಿಗೆ ಜೀನನ್ನು ಅಂಚೆಯಲ್ಲಿ ಕಳಿಸಿಕೊಟ್ಟರು. ಕೇಳಿದವರಲ್ಲಿ ಇಬ್ಬರು ಕೊಲಂಬಿಯ ವಿಶ್ವವಿದ್ಯಾಲಯದ ಮಾರ್ಟಿನ್ ಚಾಲ್ಫಿ ಮತ್ತು ಸಾನ್ ಡಿಯಾಗೊದ ರೋಜರ್ ಚೆನ್. ಹದಿನಾರು ವರ್ಷದ ನಂತರ, 2008ರಲ್ಲಿ, ಶಿಮೊಮುರ ಜೊತೆ ಆ ಇಬ್ಬರಿಗೆ ನೊಬೆಲ್ ಬಂದಾಗ ಪ್ರಾಷರ್ ಅಲಬಾಮ ರಾಜ್ಯದ ಒಂದು ಕಾರು ಮಾರಾಟದ ಅಂಗಡಿಯಲ್ಲಿ ಗಿರಾಕಿಗಳನ್ನು ಕರೆದೊಯ್ಯುವ ವ್ಯಾನಿನ ಚಾಲಕರಾಗಿದ್ದರು. ಚಾಲ್ಫಿ ಮತ್ತು ಚೆನ್ ತಮ್ಮ ಖರ್ಚಿನಲ್ಲಿ ಅವರನ್ನು ಸ್ಟಾಕ್‌ಹೋಮಿಗೆ ಕರೆಸಿಕೊಂಡರು. ಪ್ರಾಷರ್‌ಗೆ ಕೊಟ್ಟು ತನ್ನನ್ನು ಬಿಟ್ಟಿದ್ದರೂ ನಡೆಯುತ್ತಿತ್ತು ಎಂದು ಚಾಲ್ಫಿಯೇ ಹೇಳಿದರು. ಆ ಮಾತು ಔಪಚಾರಿಕ ವಿನಯದ್ದಲ್ಲ, ಸತ್ಯ.

ಚಾಲ್ಫಿ ಕೆಲಸ ಮಾಡುತ್ತಿದ್ದದ್ದು ಸಿ. ಎಲೆಗನ್ಸ್ ಎಂಬ ಒಂದು ಮಿಲಿಮೀಟರ್ ಉದ್ದದ ಪಾರದರ್ಶಕ ಹುಳುವಿನ ಮೇಲೆ. ಅದರ ಸ್ಪರ್ಶದ ನರಕೋಶಗಳಲ್ಲಿ ಯಾವ ಜೀನು ಯಾವಾಗ ಎಚ್ಚರಗೊಳ್ಳುತ್ತದೆ ಎಂಬುದು ಅವರ ಪ್ರಶ್ನೆ. ಅದಕ್ಕೆ ಆಗ ಬಳಸುತ್ತಿದ್ದದ್ದು ಬ್ಯಾಕ್ಟೀರಿಯಾದ ಲ್ಯಾಕ್-ಝಡ್ ಎಂಬ ವರದಿಗಾರ ಜೀನು. ನಿಮಗೆ ಬೇಕಾದ ಜೀನಿನ ಮುಂದಿರುವ ಚಾಲಕ ಭಾಗವನ್ನು ತೆಗೆದು ಲ್ಯಾಕ್-ಝಡ್‌ನ ಮುಂದೆ ಜೋಡಿಸಿದರೆ, ಆ ಜೀನು ಎಚ್ಚರಗೊಳ್ಳುವ ಕೋಶಗಳಲ್ಲಿ ಲ್ಯಾಕ್-ಝಡ್‌ನ ಕಿಣ್ವ ಹುಟ್ಟುತ್ತದೆ. ಒಂದು ರಾಸಾಯನಿಕ ಹಾಕಿದರೆ ಆ ಕೋಶ ನೀಲಿಯಾಗುತ್ತದೆ. ಆದರೆ ರಾಸಾಯನಿಕ ಒಳಹೋಗಬೇಕಾದರೆ ಹುಳುವನ್ನು ಕೊಂದು ಸ್ಥಿರಗೊಳಿಸಬೇಕು. ಸಿಗುವುದು ಒಂದು ಕ್ಷಣದ ಚಿತ್ರ. 1989ರಲ್ಲಿ ಒಂದು ಭಾಷಣದಲ್ಲಿ ಹಸಿರು ಪ್ರೋಟೀನಿನ ಮಾತು ಕಿವಿಗೆ ಬಿದ್ದಾಗ ಚಾಲ್ಫಿಗೆ ಮುಂದಿನ ಮಾತು ಒಂದೂ ಕೇಳಿಸಲಿಲ್ಲವಂತೆ. ಪಾರದರ್ಶಕ ಹುಳುವಿನೊಳಗೆ ಅದನ್ನು ಹಾಕಿದರೆ ಬದುಕಿರುವಾಗಲೇ ನೋಡಬಹುದಲ್ಲ ಎಂದು ಅವರ ತಲೆ ಓಡುತ್ತಿತ್ತು. ಪ್ರಾಷರ್‌ಗೆ ಫೋನು ಮಾಡಿದರು. ಆಮೇಲೆ ಸಂಪರ್ಕ ತಪ್ಪಿ, 1992ರಲ್ಲಿ ಪ್ರಬಂಧ ಕಣ್ಣಿಗೆ ಬಿದ್ದಾಗಲೇ ಮತ್ತೆ ಮಾತಾಯಿತು.

ಆ ಕೆಲಸ ಗಿಯಾ ಯೂಸ್ಕಿರ್ಚೆನ್ ಎಂಬ ಹೊಸ ವಿದ್ಯಾರ್ಥಿನಿಯ ಪಾಲಿಗೆ ಬಂತು. ಇದೇ ಹೊತ್ತಿಗೆ ಬೇರೆ ಕೆಲವರೂ ಪ್ರಾಷರ್ ಕಳಿಸಿದ ಜೀನನ್ನು ಬ್ಯಾಕ್ಟೀರಿಯಾಕ್ಕೆ ಸೇರಿಸಿ ನೋಡಿದ್ದರು, ಏನೂ ಬೆಳಗಿರಲಿಲ್ಲ. ಕಿಣ್ವಗಳು ಬೇಕೆಂಬ ಹಳೆಯ ಅನುಮಾನ ಅದರಿಂದ ಇನ್ನಷ್ಟು ಗಟ್ಟಿಯಾಯಿತು. ಆ ಇತರರು ಮಾಡಿದ್ದು ಹೀಗೆ: ಪ್ರಾಷರ್ ಕೊಟ್ಟ ಡಿಎನ್‌ಎ ತುಂಡನ್ನು ಕತ್ತರಿಸುವ ಕಿಣ್ವದಿಂದ ಎರಡೂ ತುದಿಗೆ ಕತ್ತರಿಸಿ ಹಾಗೇ ಸೇರಿಸಿದ್ದು. ಆ ತುಂಡಿನಲ್ಲಿ ಪ್ರೋಟೀನಿನ ಜೀನಿನ ಜೊತೆ, ಅದರ ಆಚೀಚೆ ಪ್ರೋಟೀನಿಗೆ ಸಂಬಂಧವಿಲ್ಲದ ಒಂದಿಷ್ಟು ಡಿಎನ್‌ಎಯೂ ಇತ್ತು. ಯೂಸ್ಕಿರ್ಚೆನ್ ಪಿಸಿಆರ್ ಬಳಸಿದರು. ಪ್ರೋಟೀನಿನ ಸಂಕೇತ ಶುರುವಾಗುವ ಅಕ್ಷರದಿಂದ ಮುಗಿಯುವ ಅಕ್ಷರದವರೆಗೆ ಮಾತ್ರ ಪ್ರತಿ ತೆಗೆದರು, ಆಚೀಚಿನದನ್ನು ಬಿಟ್ಟರು. ಆ ಶುದ್ಧ ತುಂಡನ್ನು ಇ. ಕೋಲಿ ಬ್ಯಾಕ್ಟೀರಿಯಾಕ್ಕೆ ಹಾಕಿದರು. ಚಾಲ್ಫಿಯ ಪ್ರಯೋಗಶಾಲೆಯ ಸೂಕ್ಷ್ಮದರ್ಶಕ ಅಷ್ಟು ಚೆನ್ನಾಗಿರಲಿಲ್ಲ; ಯೂಸ್ಕಿರ್ಚೆನ್ ತಾನು ಹಿಂದೆ ಎಂಜಿನಿಯರಿಂಗ್ ಓದಿದ ಪ್ರಯೋಗಶಾಲೆಗೆ ಹೋಗಿ ಅಲ್ಲಿನ ಪ್ರತಿದೀಪ್ತಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕೆಲಸ ಶುರುವಾಗಿ ತಿಂಗಳು ತುಂಬುವುದರೊಳಗೆ ಬ್ಯಾಕ್ಟೀರಿಯಾ ಹಸಿರಾಗಿ ಬೆಳಗಿದ್ದವು.

ಇತರರ ಸೋಲಿಗೆ ಕಾರಣ ಇಲ್ಲದ ಕಿಣ್ವವಲ್ಲ, ಇದ್ದ ಹೆಚ್ಚುವರಿ ಡಿಎನ್‌ಎ. ಇ. ಕೋಲಿಗೂ ಅಂಬಲಿ ಮೀನಿಗೂ ಕೋಟ್ಯಂತರ ವರ್ಷಗಳ ಅಂತರ. ಅಂಥ ಬ್ಯಾಕ್ಟೀರಿಯಾದಲ್ಲೂ ಬಣ್ಣ ಹುಟ್ಟಿತೆಂದರೆ ಅಂಬಲಿ ಮೀನಿನ ಯಾವ ವಿಶೇಷ ಕಿಣ್ವವೂ ಬೇಕಿಲ್ಲ. 65ನೆಯ ಸೆರೀನ್, 66ನೆಯ ಟೈರೊಸಿನ್, 67ನೆಯ ಗ್ಲೈಸಿನ್, ಈ ಮೂರು ಪಕ್ಕಪಕ್ಕದ ಅಮೈನೊ ಆಮ್ಲಗಳು ಪ್ರೋಟೀನು ಮಡಚಿಕೊಂಡ ಮೇಲೆ ತಾವಾಗಿಯೇ ಬಾಗಿ ಉಂಗುರವಾಗುತ್ತವೆ. ಹೊರಗಿನಿಂದ ಬೇಕಾದದ್ದು ಗಾಳಿಯ ಆಮ್ಲಜನಕ ಮಾತ್ರ. ಆಮ್ಲಜನಕವಿಲ್ಲದೆ ಬೆಳೆಸಿದ ಬ್ಯಾಕ್ಟೀರಿಯಾ ಹಸಿರಾಗುವುದಿಲ್ಲ, ಗಾಳಿಗೆ ತೆರೆದರೆ ಆಮೇಲೆ ಹಸಿರಾಗುತ್ತವೆ ಎಂದು ಚೆನ್ ಅವರ ತಂಡ 1994ರಲ್ಲಿ ತೋರಿಸಿತು. 1979ರಿಂದ ಮುಂದೆ ತಡೆದು ನಿಲ್ಲಿಸಿದ್ದು ಬಹುಪಾಲು ಯಾರೂ ಪರೀಕ್ಷಿಸದೆ ಒಪ್ಪಿಕೊಂಡ ಒಂದು ಊಹೆ ಎನ್ನದೆ ವಿಧಿಯಿಲ್ಲ.

ಚಾಲ್ಫಿ ಮುಂದೆ ಹುಳುವಿಗೆ ಬಂದರು. ಸ್ಪರ್ಶದ ನರಕೋಶಗಳಲ್ಲಿ ಜೋರಾಗಿ ಕೆಲಸ ಮಾಡುವ ಮೆಕ್-7 ಎಂಬ ಜೀನಿನ ಚಾಲಕ ಭಾಗವನ್ನು ಹಸಿರು ಜೀನಿಗೆ ಜೋಡಿಸಿದರು. ಬದುಕಿರುವ ಹುಳುವಿನ ಮೈಯಲ್ಲಿ ಆ ನರಕೋಶಗಳು, ಅವುಗಳ ಉದ್ದನೆಯ ಎಳೆಗಳ ಸಮೇತ, ಹಸಿರಾಗಿ ಮೂಡಿಬಂದವು. 1994ರ ಫೆಬ್ರವರಿ 11ರ ಸೈನ್ಸ್ ಪತ್ರಿಕೆಯ ಮುಖಪುಟದಲ್ಲಿ ಆ ಚಿತ್ರ ಬಂತು.

ಆದರೆ ವರದಿಗಾರ ಜೀನು ಹೇಳುವುದು ಅರ್ಧ ಸುದ್ದಿ. ಜೀನು ಎಚ್ಚರಗೊಂಡಿತೇ ಎಂಬುದನ್ನು ಹೇಳುತ್ತದೆ, ಹುಟ್ಟಿದ ಪ್ರೋಟೀನು ಎಲ್ಲಿ ಹೋಯಿತು ಎಂಬುದನ್ನು ಹೇಳುವುದಿಲ್ಲ. ಅದಕ್ಕೆ ಪ್ರಾಷರ್ ಕನಸಿದ ಬೆಸುಗೆಯೇ ಬೇಕು. ಅದನ್ನು ಮೊದಲು ಮಾಡಿ ತೋರಿಸಿದವರಲ್ಲಿ ಚಾಲ್ಫಿಯ ಹೆಂಡತಿ, ಕೊಲಂಬಿಯದಲ್ಲೇ ಹಣ್ಣುನೊಣದ ಮೇಲೆ ಕೆಲಸ ಮಾಡುತ್ತಿದ್ದ ಟಲ್ ಹೇಝಲ್‌ರಿಗ್ ಮುಖ್ಯರು. ಪ್ರಕಟವಾಗದ ಆ ಫಲಿತಾಂಶವನ್ನು ತನ್ನ ಪ್ರಬಂಧದಲ್ಲಿ ಉಲ್ಲೇಖಿಸಲು ಚಾಲ್ಫಿ ಅನುಮತಿ ಕೇಳಿದಾಗ, ಶನಿವಾರ ಬೆಳಿಗ್ಗೆ ಕಾಫಿ ಮಾಡಿಕೊಡಬೇಕು, ಒಂದು ವಿಶೇಷ ಊಟ ಮಾಡಿ ಬಡಿಸಬೇಕು, ಒಂದು ತಿಂಗಳು ರಾತ್ರಿ ಕಸ ಹೊರಗೆ ಹಾಕಬೇಕು ಎಂದು ಆಕೆ ಕರಾರುಪತ್ರ ಬರೆದುಕೊಟ್ಟರಂತೆ. ಚಾಲ್ಫಿ ಅದನ್ನು ನೊಬೆಲ್ ಭಾಷಣದಲ್ಲಿ ನೆನೆದರು.

ಹೇಝಲ್‌ರಿಗ್ ಮತ್ತು ಅವರ ಸಹೋದ್ಯೋಗಿ ವಾಂಗ್ ಆರಿಸಿಕೊಂಡದ್ದು ಎಕ್ಸು ಎಂಬ ಪ್ರೋಟೀನು. ನೊಣದ ಮೊಟ್ಟೆಯ ಯಾವ ತುದಿ ತಲೆಯಾಗಬೇಕು ಎಂಬ ಸಂದೇಶವನ್ನು ಸರಿಯಾದ ಜಾಗದಲ್ಲಿ ನೆಲೆಗೊಳಿಸಲು ಅದು ಬೇಕು. ಎಕ್ಸುವಿಗೆ ಹಸಿರು ಪ್ರೋಟೀನನ್ನು ಬೆಸೆದು ನೋಡಿದಾಗ, ಮೊಟ್ಟೆಯನ್ನು ಪೋಷಿಸುವ ಕೋಶಗಳಿಂದ ಹೊರಟ ಹಸಿರು ಕಣಗಳು ಮೊಟ್ಟೆಯೊಳಗೆ ಸಾಗುವುದು ಕಂಡಿತು. ಇಲ್ಲಿ ಅವರು ಮಾಡಿದ ಒಂದು ಪರೀಕ್ಷೆ ಇಂದಿಗೂ ಈ ವಿದ್ಯೆಯ ಮೊದಲ ನಿಯಮ. ಎಕ್ಸು ಜೀನು ಕೆಟ್ಟ ಹೆಣ್ಣುನೊಣಗಳ ಮೊಟ್ಟೆ ಬೆಳೆಯುವುದಿಲ್ಲ. ಅಂಥ ನೊಣಕ್ಕೆ ಬೆಸುಗೆಯ ಜೀನು ಕೊಟ್ಟಾಗ ಮೊಟ್ಟೆ ಸರಿಯಾಗಿ ಬೆಳೆಯಿತು. ಅಂದರೆ ಬೆನ್ನಿಗೆ 238 ಅಮೈನೊ ಆಮ್ಲಗಳ ಹೊರೆ ಹೊತ್ತರೂ ಎಕ್ಸು ತನ್ನ ಕೆಲಸ ಮಾಡುತ್ತಿದೆ. ಇದನ್ನು ತೋರಿಸದೆ ಹಸಿರು ಕಂಡ ಜಾಗವೇ ಪ್ರೋಟೀನಿನ ಜಾಗ ಎನ್ನುವಂತಿಲ್ಲ. ಬೆಸುಗೆಯಿಂದ ಪ್ರೋಟೀನು ಸರಿಯಾಗಿ ಮಡಚದೆ ಉಂಡೆಗಟ್ಟಬಹುದು. ಅದರ ವಿಳಾಸ ಬರೆದಿರುವ ತುದಿ ಮುಚ್ಚಿಹೋಗಿ ಬೇರೆಡೆ ಸೇರಬಹುದು. ಬೆಸುಗೆ ಮುರಿದು ಬರೀ ಹಸಿರು ಪ್ರೋಟೀನು ಕೋಶದ ತುಂಬ ಹರಡಿಕೊಳ್ಳಬಹುದು. ಮೊದಲ ಎರಡಕ್ಕೆ ಮದ್ದು ಹಸಿರನ್ನು ಇನ್ನೊಂದು ತುದಿಗೆ ಬೆಸೆದು ನೋಡುವುದು. ಮೂರನೆಯದನ್ನು, ಕೋಶದ ಪ್ರೋಟೀನುಗಳನ್ನು ಜೆಲ್ಲಿನಲ್ಲಿ ಗಾತ್ರದ ಪ್ರಕಾರ ಬಿಡಿಸಿ, ಹಸಿರು ಎಲ್ಲಿದೆ ಎಂದು ನೋಡಿ ಪತ್ತೆಹಚ್ಚಬಹುದು.

ಪ್ರಾಷರ್ ಜೀನು ಕಳಿಸಿದ ಇನ್ನೊಬ್ಬರು, ಚೆನ್, ಬೇರೆಯೇ ಪ್ರಶ್ನೆ ಹಿಡಿದು ಕೂತಿದ್ದರು. ಎರಡು ಪ್ರೋಟೀನುಗಳು ಒಂದನ್ನೊಂದು ಸೇರುವ ಗಳಿಗೆಯನ್ನು ಬದುಕಿರುವ ಕೋಶದಲ್ಲಿ ಕಾಣುವುದು ಹೇಗೆ? ಆಗಿನ ಒಳ್ಳೆಯ ಬೆಳಕಿನ ಸೂಕ್ಷ್ಮದರ್ಶಕವೂ ಇನ್ನೂರು ನ್ಯಾನೊಮೀಟರಿಗಿಂತ ಹತ್ತಿರದ ಎರಡು ಚುಕ್ಕೆಗಳನ್ನು ಬೇರೆ ಮಾಡುತ್ತಿರಲಿಲ್ಲ. ಪ್ರೋಟೀನುಗಳ ಅಳತೆ ನಾಲ್ಕೈದು ನ್ಯಾನೊಮೀಟರ್. ಫೋರ್‌ಸ್ಟರರ ಶಕ್ತಿ ವರ್ಗಾವಣೆ ನಡೆಯುವುದು ಸರಿಯಾಗಿ ಆ ಅಳತೆಯಲ್ಲಿ. ಅದಕ್ಕೆ ಬೇರೆ ಬೇರೆ ಬಣ್ಣದ ಎರಡು ಪ್ರೋಟೀನು ಬೇಕು, ಇದ್ದದ್ದು ಹಸಿರು ಒಂದೇ. ಚೆನ್ ಜೊತೆಗಾರ ರೋಜರ್ ಹೈಮ್ ಜೀನನ್ನು ಅಲ್ಲಲ್ಲಿ ಕೆಡಿಸಿ, ಸಾವಿರಾರು ಬ್ಯಾಕ್ಟೀರಿಯಾ ಗುಂಪುಗಳನ್ನು ಬೆಳಕಿನ ಕೆಳಗೆ ಹುಡುಕಿದರು. 66ನೆಯ ಟೈರೊಸಿನ್ ಹಿಸ್ಟಿಡಿನ್ ಆದಾಗ ನೀಲಿ, ಟ್ರಿಪ್ಟೊಫಾನ್ ಆದಾಗ ಆಕಾಶನೀಲಿ ಬಂತು. 65ನೆಯ ಸೆರೀನನ್ನು ತ್ರಿಯೊನಿನ್ ಮಾಡಿದಾಗ ಹಸಿರು ಹಲವು ಪಟ್ಟು ಪ್ರಖರವಾಯಿತು, ಬಣ್ಣ ಹುಟ್ಟುವ ವೇಗ ನಾಲ್ಕು ಪಟ್ಟಾಯಿತು. 1996ರಲ್ಲಿ ಪ್ರೋಟೀನಿನ ಆಕಾರ ತಿಳಿಯಿತು: ಹನ್ನೊಂದು ಪಟ್ಟಿಗಳ ಪುಟ್ಟ ಪೀಪಾಯಿ, ನಡುವೆ ಬಣ್ಣದ ಉಂಗುರ. ಉಂಗುರದ ಪಕ್ಕದಲ್ಲಿ ಯಾವ ಅಮೈನೊ ಆಮ್ಲ ಬದಲಿಸಿದರೆ ಬಣ್ಣ ಹಳದಿಯತ್ತ ಸರಿಯುತ್ತದೆ ಎಂದು ಆಕಾರ ನೋಡಿಯೇ ಲೆಕ್ಕ ಹಾಕಿದರು, 203ನೆಯದು. ಅದೂ ಸರಿಯಾಯಿತು.

ಆಕಾಶನೀಲಿ ಮತ್ತು ಹಳದಿ ಜೋಡಿಯಿಂದ 1997ರಲ್ಲಿ ಅತ್ಸುಶಿ ಮಿಯಾವಾಕಿ ಮತ್ತು ಚೆನ್ ಕಟ್ಟಿದ ಸಾಧನದ ಹೆಸರು ಕ್ಯಾಮಿಲಿಯಾನ್. ಒಂದೇ ಸರಪಳಿಯಲ್ಲಿ ನಾಲ್ಕು ತುಂಡು: ಆಕಾಶನೀಲಿ ಪ್ರೋಟೀನು, ಕ್ಯಾಲ್ಸಿಯಂ ಹಿಡಿಯುವ ಕ್ಯಾಲ್ಮೊಡುಲಿನ್, ಕ್ಯಾಲ್ಸಿಯಂ ಹಿಡಿದ ಕ್ಯಾಲ್ಮೊಡುಲಿನ್ನಿಗೆ ಮಾತ್ರ ಅಂಟುವ ಎಂ-13 ಎಂಬ ತುಣುಕು, ಕೊನೆಗೆ ಹಳದಿ ಪ್ರೋಟೀನು. ಕೋಶದಲ್ಲಿ ಕ್ಯಾಲ್ಸಿಯಂ ಏರಿದಾಗ ಕ್ಯಾಲ್ಮೊಡುಲಿನ್ ಎಂ-13ನ್ನು ಸುತ್ತಿಕೊಳ್ಳುತ್ತದೆ, ಎರಡು ತುದಿಗಳು ಹತ್ತಿರವಾಗುತ್ತವೆ, ಆಕಾಶನೀಲಿಗೆ ಕೊಟ್ಟ ಶಕ್ತಿ ಹಳದಿಗೆ ದಾಟುತ್ತದೆ. ಆಕಾಶನೀಲಿ ಕುಗ್ಗಿ ಹಳದಿ ಹೆಚ್ಚುತ್ತದೆ. ಎರಡರ ಅನುಪಾತವೇ ಕ್ಯಾಲ್ಸಿಯಮ್ಮಿನ ಅಳತೆ. ಏಕ್ವೊರಿನ್ನಿನಿಂದ ಹಸಿರು ಪ್ರೋಟೀನಿಗೆ ಶಕ್ತಿ ದಾಟಿದ ಹಾಗೆಯೇ, ಕ್ಯಾಲ್ಸಿಯಮ್ಮಿನ ಕರೆಗೆ ಓಗೊಟ್ಟು.

ದೂರದ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿ ನೋಡುವುದು ಒಳ್ಳೆಯದು. ಈ ಜೋಡಿಗೆ ಅರ್ಧ ಶಕ್ತಿ ದಾಟುವ ದೂರ ಸುಮಾರು 5 ನ್ಯಾನೊಮೀಟರ್. ವರ್ಗಾವಣೆ ದೂರದ ಆರನೆಯ ಘಾತಕ್ಕೆ ತಕ್ಕಂತೆ ಬೀಳುತ್ತದೆ:

```
E = 1 / (1 + (r/R0)^6)
```

ಇಲ್ಲಿ R0 ಆ 5 ನ್ಯಾನೊಮೀಟರ್, r ನಿಜವಾದ ದೂರ. ಏಳೂವರೆ ನ್ಯಾನೊಮೀಟರಿಗೆ ದಾಟುವುದು ನೂರಕ್ಕೆ ಎಂಟು. ಹತ್ತಕ್ಕೆ ಒಂದೂವರೆ, ಅಂದರೆ ಇಲ್ಲವೆಂದೇ ಲೆಕ್ಕ. ಹೀಗಾಗಿ ಇದು ಹತ್ತಿರವಿದೆಯೇ ಇಲ್ಲವೇ ಎಂಬುದಕ್ಕೆ ಬಲು ಸೂಕ್ಷ್ಮ, ಉದ್ದ ಅಳೆಯುವ ಕೋಲಾಗಿ ಮಾತ್ರ ಅಷ್ಟು ಭರವಸೆಯದಲ್ಲ. ಎರಡು ಬಣ್ಣದ ಉಂಗುರಗಳ ದಿಕ್ಕು ಅಡ್ಡಡ್ಡವಾದರೆ ಹತ್ತಿರವಿದ್ದರೂ ಶಕ್ತಿ ದಾಟದು. ವರ್ಗಾವಣೆ ಕಾಣಲಿಲ್ಲ ಎಂದಮಾತ್ರಕ್ಕೆ ಪ್ರೋಟೀನುಗಳು ಸೇರಿಲ್ಲ ಎಂದು ಹೇಳುವಂತಿಲ್ಲ.

ಕಂಡಿತು ಎನ್ನುವಾಗಲೂ ಎಚ್ಚರ ಬೇಕು. ಮೊದಮೊದಲ ಕ್ಯಾಮಿಲಿಯಾನಿನ ಅನುಪಾತ ಕ್ಯಾಲ್ಸಿಯಂ ತುಂಬಿದಾಗಲೂ ಎರಡುಪಟ್ಟನ್ನು ಮುಟ್ಟುತ್ತಿರಲಿಲ್ಲ. ಅಷ್ಟು ಚಿಕ್ಕ ಬದಲಾವಣೆಯನ್ನು ಸೋರಿಕೆ ಸುಲಭವಾಗಿ ನುಂಗುತ್ತದೆ. ಆಕಾಶನೀಲಿಯ ಬೆಳಕಿನ ಬಾಲ ಹಳದಿ ಶೋಧಕದೊಳಗೂ ನುಸುಳುತ್ತದೆ. ಆಕಾಶನೀಲಿಗೆಂದು ಹಾಕಿದ ಬೆಳಕನ್ನು ಹಳದಿಯೂ ಸ್ವಲ್ಪ ಹೀರುತ್ತದೆ. ಆದ್ದರಿಂದ ಬರೀ ಆಕಾಶನೀಲಿ ಇರುವ ಕೋಶ, ಬರೀ ಹಳದಿ ಇರುವ ಕೋಶ, ಇವೆರಡನ್ನೂ ಪಕ್ಕದಲ್ಲಿ ಅಳೆದು ಸೋರಿಕೆ ಕಳೆಯಬೇಕು. ಮೊದಲ ಹಳದಿ ಪ್ರೋಟೀನು ಆಮ್ಲೀಯತೆಗೆ ಅಂಜುತ್ತಿತ್ತು. ಕೋಶ ತುಸು ಆಮ್ಲೀಯವಾದರೂ ಅದು ಮಂಕಾಗಿ, ಕ್ಯಾಲ್ಸಿಯಂ ಇಳಿದಂತೆ ತೋರುತ್ತಿತ್ತು. ನನಗೆ ಅತ್ಯಂತ ಮೆಚ್ಚುಗೆಯಾಗುವ ತಪಾಸಣೆ ಇನ್ನೊಂದಿದೆ. ತೀವ್ರ ಬೆಳಕು ಹಾಯಿಸಿ ಹಳದಿಯನ್ನು ಸುಟ್ಟುಬಿಡುವುದು. ನಿಜವಾಗಿಯೂ ಶಕ್ತಿ ದಾಟುತ್ತಿದ್ದರೆ, ಪಡೆಯುವವನು ಇಲ್ಲವಾದ ಕೂಡಲೇ ಆಕಾಶನೀಲಿ ಮೊದಲಿಗಿಂತ ಹೆಚ್ಚು ಬೆಳಗಬೇಕು. ಬೆಳಗದಿದ್ದರೆ, ಕಂಡದ್ದು ಸೋರಿಕೆಯೇ ಇರಬಹುದು ಎಂದು ಶಂಕಿಸಬೇಕು.

ಅಂಬಲಿ ಮೀನಿನ ಪ್ರೋಟೀನಿಗೆ ಇನ್ನೊಂದು ಚಾಳಿಯಿತ್ತು, ದಟ್ಟವಾಗಿ ಸೇರಿದಾಗ ಎರಡೆರಡು ಅಂಟಿಕೊಳ್ಳುವುದು. ಕೋಶಪೊರೆಯಲ್ಲಿ ಅದು ಪ್ರಮಾದಕ್ಕೆ ದಾರಿ. ಬೆಸೆದ ಪ್ರೋಟೀನುಗಳು ದೂರವಿರಬೇಕಾದರೂ ಹಸಿರಿನ ಅಂಟಿನಿಂದಲೇ ಜೋಡಿಯಾದಂತೆ ಕಾಣುತ್ತವೆ. ಚೆನ್ ಗುಂಪು 2002ರಲ್ಲಿ 206ನೆಯ ಅಲನಿನನ್ನು ಲೈಸಿನ್ ಮಾಡಿ ಆ ಅಂಟು ಬಿಡಿಸಿತು.

ಪೊರೆಯಲ್ಲಿ ಪ್ರೋಟೀನುಗಳು ನಿಜವಾಗಿ ಜೊತೆಗಿವೆಯೇ ಎಂಬ ಪ್ರಶ್ನೆಗೆ ಬೆಂಗಳೂರಿನಲ್ಲಿ ಬೇರೊಂದು ದಾರಿಯಿಂದ ಉತ್ತರ ಬಂತು. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ, ಎನ್‌ಸಿಬಿಎಸ್ ಎಂದು ಎಲ್ಲರೂ ಕರೆಯುವಲ್ಲಿ, ಸತ್ಯಜಿತ್ ಮೇಯರ್ ಮತ್ತು ಸಂಗಡಿಗರು ಒಂದೇ ಬಣ್ಣದ ಅಣುಗಳ ನಡುವಿನ ಶಕ್ತಿ ವರ್ಗಾವಣೆಯನ್ನು ಬಳಸಿದರು. ಬಣ್ಣ ಒಂದೇ ಆದ್ದರಿಂದ ಬಣ್ಣ ಬದಲಾಗುವುದಿಲ್ಲ, ಬೆಳಕಿನ ಕಂಪನದ ದಿಕ್ಕು ಬದಲಾಗುತ್ತದೆ. ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಹಾಯಿಸಿದರೆ ಒಂಟಿ ಅಣು ಬಹುಮಟ್ಟಿಗೆ ಅದೇ ದಿಕ್ಕಿನಲ್ಲಿ ಮರಳಿಸುತ್ತದೆ. ಶಕ್ತಿ ಪಕ್ಕದ ಅಣುವಿಗೆ ಹಾರಿದರೆ ದಿಕ್ಕು ಚದುರುತ್ತದೆ. ಪೊರೆಯ ಹೊರಮುಖಕ್ಕೆ ಕೊಬ್ಬಿನ ಕೊಕ್ಕೆಯಿಂದ ನೇತುಬಿದ್ದ ಜಿಪಿಐ ಪ್ರೋಟೀನುಗಳಲ್ಲಿ ಅವರು ಇದನ್ನು ಅಳೆದರು. ಅಣುಗಳು ಪೊರೆಯಲ್ಲಿ ಎಲ್ಲೆಂದರಲ್ಲಿ ಹರಡಿದ್ದರೆ, ಸಾಂದ್ರತೆ ಕಡಿಮೆ ಇರುವಲ್ಲಿ ದಿಕ್ಕು ಉಳಿಯಬೇಕು, ಹೆಚ್ಚಿರುವಲ್ಲಿ ಚದುರಬೇಕು. ಹಾಗಾಗಲಿಲ್ಲ. ಪ್ರೋಟೀನು ವಿರಳವಾಗಿರುವಲ್ಲೂ ದಟ್ಟವಾಗಿರುವಲ್ಲೂ ಚದುರುವಿಕೆ ಒಂದೇ ಸಮನಾಗಿತ್ತು. ಅಂದರೆ ಒಟ್ಟು ಎಷ್ಟಿದ್ದರೂ ಅವುಗಳಲ್ಲಿ ಒಂದು ಪಾಲು ಸದಾ ಪುಟ್ಟ ಗುಂಪಾಗಿ ಇರುತ್ತದೆ. 1998ರಲ್ಲಿ ಅವರು ಈ ಗುಂಪುಗಳನ್ನು ಪ್ರತಿದೀಪ್ತಿಯ ಫೋಲೇಟ್ ಬಳಸಿ ತೋರಿಸಿದ್ದರು. 2004ರ ಕೆಲಸದಲ್ಲಿ ಹಸಿರು ಪ್ರೋಟೀನು ಬೆಸೆದ ಜಿಪಿಐ ಪ್ರೋಟೀನುಗಳೂ ಸೇರಿ, ಒಂದು ಗುಂಪಿನಲ್ಲಿ ನಾಲ್ಕಕ್ಕೆ ಮೀರದಷ್ಟು ಅಣುಗಳಿವೆ, ಪೊರೆಯ ಕೊಲೆಸ್ಟರಾಲ್ ತೆಗೆದರೆ ಈ ಜೋಡಣೆ ಕೆಡುತ್ತದೆ ಎಂಬ ತೀರ್ಮಾನಕ್ಕೆ ಬಂದರು. ಆಗಿನ ಯಾವ ಬೆಳಕಿನ ಸೂಕ್ಷ್ಮದರ್ಶಕದ ಚಿತ್ರದಲ್ಲೂ ಬಿಡಿಬಿಡಿಯಾಗಿ ಕಾಣದ ಗುಂಪುಗಳವು.

ಇನ್ನು ಮುಂದೆ ಪತ್ರಿಕೆಯಲ್ಲೋ ಪಠ್ಯದಲ್ಲೋ ಹಸಿರಾಗಿ ಬೆಳಗುವ ಜೀವಕೋಶದ ಚಿತ್ರ ಕಂಡರೆ ಎರಡು ಪ್ರಶ್ನೆ ಕೇಳಿ. ಹಸಿರು ಬೆಸೆದ ಮೇಲೂ ಆ ಪ್ರೋಟೀನು ತನ್ನ ಕೆಲಸ ಮಾಡುತ್ತದೆ ಎಂದು ತೋರಿಸಿದ್ದಾರೆಯೇ? ಎರಡು ಪ್ರೋಟೀನು ಸೇರಿವೆ ಎಂದು ಹೇಳಿದ್ದರೆ, ಒಂದರ ಬಣ್ಣ ಸುಟ್ಟಾಗ ಇನ್ನೊಂದು ಬೆಳಗಿತೇ? ಚಿತ್ರದ ಅಂದ ಇವೆರಡಕ್ಕೂ ಉತ್ತರ ಕೊಡುವುದಿಲ್ಲ, ಪ್ರಬಂಧದೊಳಗೆ ಹುಡುಕಬೇಕು.